ಆಮ್ಲಜನಕ ಬಹಳ ಇಳಿಯುವವರೆಗೆ ಉಸಿರಾಟ ಏಕೆ ಹೆಚ್ಚುವುದಿಲ್ಲ? ಕೆರೋಟಿಡ್ ಮತ್ತು ಮಹಾಪಧಮನಿ ಕಾಯಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆರೋಟಿಡ್ ಕಾಯ ಎಂದರೇನು, ಅದು ಎಲ್ಲಿದೆ?

ಕತ್ತಿನ ಎರಡೂ ಬದಿಯಲ್ಲಿ ತಲೆಯ ಕಡೆಗೆ ರಕ್ತ ಒಯ್ಯುವ ಕೆರೋಟಿಡ್ ಅಪಧಮನಿ ದವಡೆಯ ಕೋನಕ್ಕಿಂತ ಸ್ವಲ್ಪ ಕೆಳಗೆ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಮೆದುಳಿಗೆ, ಇನ್ನೊಂದು ಮುಖ ಮತ್ತು ನೆತ್ತಿಯ ಭಾಗಗಳಿಗೆ ಹೋಗುತ್ತದೆ. ಆ ಕವಲಿನ ಸಂದಿಯಲ್ಲಿ ಅಕ್ಕಿಕಾಳಿನಷ್ಟು ದೊಡ್ಡದಾದ ಅಂಗಾಂಶವೊಂದು ಅಡಗಿದೆ; ಅದೇ ಕೆರೋಟಿಡ್ ಕಾಯ. ಅದರೊಳಗಿನ ಗ್ಲೋಮಸ್ ಕೋಶಗಳು ಹಾದುಹೋಗುವ ರಕ್ತದಲ್ಲಿನ ಆಮ್ಲಜನಕವನ್ನು ಗ್ರಹಿಸುತ್ತವೆ, ಜೊತೆಗೆ ಇಂಗಾಲದ ಡೈಆಕ್ಸೈಡ್ ಮತ್ತು ಆಮ್ಲೀಯತೆಯ ಬದಲಾವಣೆಗಳಿಗೂ ಸ್ಪಂದಿಸುತ್ತವೆ. ಸಂಕೇತವು ಒಂಬತ್ತನೆಯ ಕಪಾಲ ನರವಾದ ಗ್ಲಾಸೋಫ್ಯಾರಿಂಜಿಯಲ್ ನರದ ಮೂಲಕ ಮೆದುಳಿನ ಬುಡದಲ್ಲಿರುವ ಉಸಿರಾಟದ ಕೇಂದ್ರಗಳನ್ನು ತಲುಪುತ್ತದೆ.

ಈ ಜಾಗದಲ್ಲೇ ರಕ್ತದೊತ್ತಡವನ್ನು ಗ್ರಹಿಸುವ ಕೆರೋಟಿಡ್ ಸೈನಸ್ ಕೂಡ ಇದೆ. ಎರಡನ್ನೂ ಒಂದೇ ಎಂದು ಭಾವಿಸುವವರು ಅನೇಕರು. ಸೈನಸ್ ಎಂದರೆ ಅಪಧಮನಿಯ ಗೋಡೆಯೇ ಸ್ವಲ್ಪ ಹಿಗ್ಗಿದ ಭಾಗ, ಅದು ಗೋಡೆಯ ಎಳೆತವನ್ನು ಅಳೆಯುತ್ತದೆ. ಕಾಯವಾದರೋ ಗೋಡೆಯ ಹೊರಗಿರುವ, ರಕ್ತದ ರಾಸಾಯನಿಕ ಸ್ಥಿತಿಯನ್ನು ಅಳೆಯುವ ಬೇರೆಯೇ ಅಂಗ.

ಇದು ಆಮ್ಲಜನಕದ ಸಂವೇದಕ ಎಂದು ಗೊತ್ತಾದದ್ದು ಹೇಗೆ?

ಸ್ಪೇನಿನ ಅಂಗಾಂಶ ವಿಜ್ಞಾನಿ ಫರ್ನಾಂಡೊ ದೆ ಕಾಸ್ಟ್ರೊ ಅವರು 1920ರ ದಶಕದಲ್ಲಿ ಸೂಕ್ಷ್ಮದರ್ಶಕದಡಿ ಈ ಕಾಯದ ನರತಂತುಗಳನ್ನು ಪರಿಶೀಲಿಸಿ, ಇದು ರಕ್ತದ ಗುಣವನ್ನು 'ರುಚಿ ನೋಡುವ' ಗ್ರಾಹಕವಿರಬೇಕು ಎಂದು ಊಹಿಸಿದರು. ಬೆಲ್ಜಿಯಂನ ಗೆಂಟ್ ನಗರದಲ್ಲಿ ಕೊರ್ನೇಲ್ ಹೇಮಾನ್ಸ್ ಅವರು ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳು ಅದನ್ನು ಖಚಿತಪಡಿಸಿದವು: ಕೆರೋಟಿಡ್ ಕವಲಿನ ಭಾಗಕ್ಕೆ ಮಾತ್ರ ಆಮ್ಲಜನಕ ಕಡಿಮೆಯಿರುವ ರಕ್ತವನ್ನು ಹರಿಸಿದಾಗ, ದೇಹದ ಉಳಿದ ಭಾಗಕ್ಕೆ ಯಾವ ಕೊರತೆಯೂ ಇಲ್ಲದಿದ್ದರೂ ಉಸಿರಾಟ ತೀವ್ರವಾಯಿತು. ಈ ಕೆಲಸಕ್ಕಾಗಿ ಹೇಮಾನ್ಸ್ ಅವರಿಗೆ 1938ನೇ ಸಾಲಿನ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು. ಮೊದಲ ಒಳನೋಟ ದೆ ಕಾಸ್ಟ್ರೊ ಅವರದ್ದು ಎಂಬುದನ್ನೂ ಜೊತೆಯಲ್ಲೇ ನೆನೆಯುವುದು ನ್ಯಾಯ.

ಹಾಗಾದರೆ ಮಹಾಪಧಮನಿ ಕಾಯಗಳ ಕೆಲಸವೇನು?

ಹೃದಯದಿಂದ ಹೊರಟ ಮಹಾಪಧಮನಿ ಬಾಗುವ ಕಮಾನಿನ ಸುತ್ತಮುತ್ತ ಇಂತಹದೇ ಸಣ್ಣ ಕಾಯಗಳು ಚದುರಿಕೊಂಡಿವೆ. ಅವುಗಳ ಸಂಕೇತ ಹತ್ತನೆಯ ಕಪಾಲ ನರವಾದ ವೇಗಸ್ ಮೂಲಕ ಹೋಗುತ್ತದೆ. ಮನುಷ್ಯರಲ್ಲಿ ಉಸಿರಾಟದ ಮೇಲೆ ಅವುಗಳ ಪ್ರಭಾವ ಅತ್ಯಲ್ಪ. ಹೃದಯದ ಬಡಿತ ಮತ್ತು ರಕ್ತದೊತ್ತಡದ ಮೇಲೆ ಅವುಗಳ ಪ್ರಭಾವ ಹೆಚ್ಚು. ಹಿಂದೊಮ್ಮೆ ಅಸ್ತಮಾದ ಚಿಕಿತ್ಸೆ ಎಂದು ಕೆಲವು ರೋಗಿಗಳಲ್ಲಿ ಎರಡೂ ಕೆರೋಟಿಡ್ ಕಾಯಗಳನ್ನು ತೆಗೆದುಹಾಕಲಾಗಿತ್ತು. ಅಂಥವರಲ್ಲಿ ಮಹಾಪಧಮನಿ ಕಾಯಗಳು ಹಾಗೆಯೇ ಉಳಿದಿದ್ದರೂ ಆಮ್ಲಜನಕ ಇಳಿದಾಗ ಉಸಿರಾಟ ಹೆಚ್ಚುವ ಪ್ರತಿಕ್ರಿಯೆ ಬಹುತೇಕ ಅಳಿಸಿಹೋಗಿತ್ತು. ಆದ್ದರಿಂದ ಮುಂದಿನ ಉತ್ತರಗಳು ಮುಖ್ಯವಾಗಿ ಕೆರೋಟಿಡ್ ಕಾಯದ ಸುತ್ತಲೇ ಸಾಗುತ್ತವೆ.

ಕೆರೋಟಿಡ್ ಕಾಯ ಅಳೆಯುವುದು ರಕ್ತದಲ್ಲಿರುವ ಒಟ್ಟು ಆಮ್ಲಜನಕವನ್ನೇ?

ಅಲ್ಲ. ಅದು ಅಳೆಯುವುದು ಆಮ್ಲಜನಕದ ಆಂಶಿಕ ಒತ್ತಡವನ್ನು, ಅಂದರೆ ರಕ್ತದ ದ್ರವಭಾಗದಲ್ಲಿ ಕರಗಿರುವ ಆಮ್ಲಜನಕ ಉಂಟುಮಾಡುವ ಒತ್ತಡವನ್ನು. ಆರೋಗ್ಯವಂತರ ಅಪಧಮನಿಯ ರಕ್ತದಲ್ಲಿ ಇದು ಸುಮಾರು 95ರಿಂದ 100 ಮಿ.ಮೀ. ಪಾದರಸದಷ್ಟಿರುತ್ತದೆ. ಹಿಮೋಗ್ಲೋಬಿನ್ ಹೊತ್ತಿರುವ ಆಮ್ಲಜನಕ ಇದಕ್ಕಿಂತ ಎಷ್ಟೋ ಪಾಲು ಹೆಚ್ಚಾದರೂ, ಕೆರೋಟಿಡ್ ಕಾಯ ಅದನ್ನು ನೇರವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇದಕ್ಕೆ ಕಾರಣ ಆ ಕಾಯದ ಮೂಲಕ ಹರಿಯುವ ರಕ್ತದ ಪ್ರಮಾಣ. ಪ್ರತಿ 100 ಗ್ರಾಂ ಅಂಗಾಂಶಕ್ಕೆ ಲೆಕ್ಕ ಹಾಕಿದರೆ ಮೆದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿದರೆ, ಕೆರೋಟಿಡ್ ಕಾಯಕ್ಕೆ ಸುಮಾರು 2,000 ಮಿಲಿಲೀಟರ್ ಹರಿಯುತ್ತದೆ. ತೂಕದ ಅನುಪಾತದಲ್ಲಿ ನೋಡಿದರೆ ದೇಹದಲ್ಲಿ ಇದರಷ್ಟು ರಕ್ತ ಪಡೆಯುವ ಅಂಗ ಸಿಗುವುದು ಕಷ್ಟ. ಹರಿವು ಇಷ್ಟು ಧಾರಾಳವಾಗಿರುವುದರಿಂದ ಕೋಶಗಳ ಅಗತ್ಯವನ್ನು ಬಹುಮಟ್ಟಿಗೆ ಕರಗಿದ ಆಮ್ಲಜನಕವೇ ಪೂರೈಸುತ್ತದೆ ಮತ್ತು ಹಿಮೋಗ್ಲೋಬಿನ್ನಿನ ಸಂಗ್ರಹಕ್ಕೆ ಕೈಹಾಕುವ ಸಂದರ್ಭ ಹೆಚ್ಚು ಬರುವುದಿಲ್ಲ.

ಇದರ ಪರಿಣಾಮ ಗಂಭೀರವಾದದ್ದು. ತೀವ್ರ ರಕ್ತಹೀನತೆಯಲ್ಲಿ ರಕ್ತದ ಒಟ್ಟು ಆಮ್ಲಜನಕ ಅರ್ಧಕ್ಕೆ ಇಳಿದಿದ್ದರೂ ಆಂಶಿಕ ಒತ್ತಡ ಸಹಜವಾಗಿಯೇ ಇರುತ್ತದೆ, ಹಾಗಾಗಿ ವಿಶ್ರಾಂತಿಯಲ್ಲಿರುವಾಗ ಕೆರೋಟಿಡ್ ಕಾಯ ಸುಮ್ಮನಿರುತ್ತದೆ. ಇಂಗಾಲದ ಮಾನಾಕ್ಸೈಡ್ ವಿಷವೇರಿದಾಗಲೂ ಇದೇ ಕಥೆ: ಅನಿಲವು ಹಿಮೋಗ್ಲೋಬಿನ್ನಿನಲ್ಲಿ ಆಮ್ಲಜನಕದ ಜಾಗವನ್ನು ಆಕ್ರಮಿಸಿಕೊಳ್ಳುತ್ತದೆ, ಕರಗಿದ ಆಮ್ಲಜನಕ ಮಾತ್ರ ಮೊದಲಿನಂತೆಯೇ ಉಳಿಯುತ್ತದೆ, ವ್ಯಕ್ತಿಗೆ ಏದುಸಿರು ಬಾರದೆಯೇ ಪ್ರಜ್ಞೆ ತಪ್ಪಬಹುದು. ರಕ್ತದ ಹರಿವು ಅಷ್ಟು ಧಾರಾಳವಲ್ಲದ ಮಹಾಪಧಮನಿ ಕಾಯಗಳು ಇಂತಹ ಕೊರತೆಗೆ ಸ್ವಲ್ಪ ಸ್ಪಂದಿಸುತ್ತವೆ, ಆದರೆ ಅವು ಬಡಿದೆಬ್ಬಿಸುವುದು ಹೆಚ್ಚಾಗಿ ಹೃದಯವನ್ನು.

ಆಮ್ಲಜನಕ ಇಳಿದಾಗ ಆ ಕೋಶದೊಳಗೆ ಏನು ನಡೆಯುತ್ತದೆ?

ಸಾಮಾನ್ಯ ಸ್ಥಿತಿಯಲ್ಲಿ ಗ್ಲೋಮಸ್ ಕೋಶದ ಪೊರೆಯಲ್ಲಿರುವ ಕೆಲವು ಪೊಟ್ಯಾಸಿಯಂ ದ್ವಾರಗಳು ತೆರೆದಿದ್ದು, ಧನಾತ್ಮಕ ಅಯಾನುಗಳು ಹೊರಗೆ ಸೋರುತ್ತಿರುತ್ತವೆ. ಇದು ಕೋಶವನ್ನು ಶಾಂತವಾಗಿಡುತ್ತದೆ. ಆಮ್ಲಜನಕ ಕಡಿಮೆಯಾದಾಗ ಆ ದ್ವಾರಗಳು ಮುಚ್ಚಿಕೊಳ್ಳುತ್ತವೆ. ಪೊರೆಯ ವಿದ್ಯುತ್ ಸ್ಥಿತಿ ಬದಲಾಗಿ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಅದರ ಒತ್ತಾಯಕ್ಕೆ ಕೋಶವು ಎಟಿಪಿ ಮುಂತಾದ ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತದೆ, ಅವು ಪಕ್ಕದ ನರದ ತುದಿಯನ್ನು ಪ್ರಚೋದಿಸುತ್ತವೆ. ಕೊರತೆಯನ್ನು ಮೊದಲು ಗುರುತಿಸುವ ಕೆಲಸದಲ್ಲಿ ಕೋಶದ ಮೈಟೊಕಾಂಡ್ರಿಯಗಳ ಪಾತ್ರ ಮುಖ್ಯವಾದದ್ದು. ಮೈಟೊಕಾಂಡ್ರಿಯಗಳ ಉಸಿರನ್ನೇ ಕಟ್ಟಿಹಾಕುವ ಸಯನೈಡ್, ರಕ್ತದಲ್ಲಿ ಆಮ್ಲಜನಕ ತುಂಬಿದ್ದರೂ ಕೆರೋಟಿಡ್ ಕಾಯವನ್ನು ಜೋರಾಗಿ ಕೆರಳಿಸುತ್ತದೆ.

ಆಮ್ಲಜನಕದ ಆಂಶಿಕ ಒತ್ತಡ 60 ಮಿ.ಮೀ.ಗೆ ಇಳಿದ ಮೇಲೆಯೇ ಉಸಿರಾಟ ಹೆಚ್ಚುತ್ತದೆ ಎಂಬ ಗಡಿ ಎಲ್ಲ ಪುಸ್ತಕಗಳಲ್ಲೂ ಬರುತ್ತದೆ. ಅಲ್ಲಿಯವರೆಗೆ ಕೆರೋಟಿಡ್ ಕಾಯ ನಿದ್ರಿಸುತ್ತಿರುತ್ತದೆಯೇ?

ಇಲ್ಲ, ಈ ವಿಷಯದಲ್ಲಿ ಅತ್ಯಂತ ವ್ಯಾಪಕವಾಗಿರುವ ತಪ್ಪು ತಿಳಿವಳಿಕೆ ಇದೇ ಎಂದು ನನಗನಿಸುತ್ತದೆ. ಆಂಶಿಕ ಒತ್ತಡ 100 ಇರುವಾಗಲೂ ಕೆರೋಟಿಡ್ ನರದಲ್ಲಿ ಸಣ್ಣ ಪ್ರಮಾಣದ ಸಂಕೇತ ಹರಿಯುತ್ತಲೇ ಇರುತ್ತದೆ. ಆರೋಗ್ಯವಂತ ವ್ಯಕ್ತಿಗೆ ಒಂದೆರಡು ಉಸಿರು ಶುದ್ಧ ಆಮ್ಲಜನಕ ಕೊಟ್ಟರೆ ಕೆಲವು ಸೆಕೆಂಡುಗಳ ಕಾಲ ಉಸಿರಾಟ ಸ್ವಲ್ಪ ಕುಗ್ಗುವುದನ್ನು ಕಾಣಬಹುದು. ಫ್ರಾನ್ಸಿನ ಪಿಯರ್ ದೆಜೂರ್ ಅವರ ಹೆಸರಿನಿಂದ ಕರೆಯುವ ಈ ಪರೀಕ್ಷೆ ತೋರಿಸುವುದು ಇಷ್ಟನ್ನೇ: ಸಂವೇದಕ ಮೊದಲೇ ಎಚ್ಚರವಾಗಿತ್ತು, ಆಮ್ಲಜನಕ ಹೆಚ್ಚಾದಾಗ ಅದು ಕ್ಷಣಕಾಲ ಮೌನವಾಯಿತು.

ಒತ್ತಡ 100ರಿಂದ ಕೆಳಗಿಳಿದಂತೆ ನರದ ಸಂಕೇತ ಏರುತ್ತದೆ, ಆದರೆ ಏರುವ ರೀತಿ ಸರಳರೇಖೆಯದ್ದಲ್ಲ. ಮೊದಮೊದಲು ನಿಧಾನ, 60ರ ಆಸುಪಾಸಿನಿಂದ ಕಡಿದಾದ ಏರಿಕೆ. ಬೆಟ್ಟದ ಬುಡದ ಇಳಿಜಾರಿನಂತೆ ಹಿತವಾಗಿ ಆರಂಭವಾಗಿ ಮುಂದೆ ಗೋಡೆಯಂತೆ ನಿಲ್ಲುವ ವಕ್ರರೇಖೆ ಅದು. ಹಾಗಾಗಿ 60 ಎಂಬುದು ಸ್ವಿಚ್ಚಿನ ಗುಂಡಿಯಲ್ಲ, ರೇಖೆ ಬಾಗುವ ಜಾಗವಷ್ಟೇ.

ಸಂಕೇತ ಮೊದಲೇ ಏರುತ್ತದೆ ಎಂದಾದರೆ ಉಸಿರಾಟ ಏಕೆ ಅದರ ಜೊತೆ ಏರುವುದಿಲ್ಲ?

ಇಲ್ಲಿಯೇ ಇಂಗಾಲದ ಡೈಆಕ್ಸೈಡ್ ಪ್ರವೇಶಿಸುತ್ತದೆ. ಉಸಿರಾಟ ಸ್ವಲ್ಪ ಹೆಚ್ಚಿದ ಕೂಡಲೇ ಆಮ್ಲಜನಕ ಒಳಬರುವುದರ ಜೊತೆಗೆ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗುತ್ತದೆ. ದೇಹ ಆಮ್ಲಜನಕದ ಬಗ್ಗೆ ಎಷ್ಟು ಸಹನೆಯುಳ್ಳದ್ದೋ ಇಂಗಾಲದ ಡೈಆಕ್ಸೈಡಿನ ಬಗ್ಗೆ ಅಷ್ಟೇ ಅಸಹನೆಯುಳ್ಳದ್ದು. ರಕ್ತದಲ್ಲಿ ಅದರ ಆಂಶಿಕ ಒತ್ತಡ ಸಹಜವಾದ 40ರಿಂದ ಕೇವಲ 1 ಮಿ.ಮೀ. ಏರಿದರೆ ಉಸಿರಾಟ ನಿಮಿಷಕ್ಕೆ ಸುಮಾರು 2 ಲೀಟರ್ ಹೆಚ್ಚುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರ ಒಟ್ಟು ಉಸಿರಾಟವೇ ನಿಮಿಷಕ್ಕೆ ಸುಮಾರು 6 ಲೀಟರ್ ಎಂಬುದನ್ನು ನೆನಪಿಟ್ಟುಕೊಂಡರೆ ಈ ಸೂಕ್ಷ್ಮತೆ ಎಷ್ಟೆಂದು ಅರಿವಾಗುತ್ತದೆ.

ಈ ಅನಿಲದ ಮುಖ್ಯ ಕಾವಲುಗಾರರು ಕೆರೋಟಿಡ್ ಕಾಯಗಳಲ್ಲ, ಮೆದುಳಿನ ಬುಡದಲ್ಲಿರುವ ಕೇಂದ್ರ ರಾಸಾಯನಿಕ ಗ್ರಾಹಕಗಳು. ಇಂಗಾಲದ ಡೈಆಕ್ಸೈಡ್ ಇಳಿದಾಗ ಮೆದುಳಿನ ಸುತ್ತಲಿನ ದ್ರವ ಕ್ಷಾರೀಯವಾಗುತ್ತದೆ, ಆ ಗ್ರಾಹಕಗಳು ಉಸಿರಾಟಕ್ಕೆ ಕೊಡುತ್ತಿದ್ದ ಒತ್ತಾಸೆಯನ್ನು ಕಡಿಮೆ ಮಾಡುತ್ತವೆ. ಕೆರೋಟಿಡ್ ಕಾಯ ಮುಂದಕ್ಕೆ ತಳ್ಳುವಾಗ ಮೆದುಳಿನ ಗ್ರಾಹಕಗಳು ಹಿಂದಕ್ಕೆ ಎಳೆಯುತ್ತವೆ. ಸಾಲದ್ದಕ್ಕೆ, ಇಂಗಾಲದ ಡೈಆಕ್ಸೈಡ್ ಕಡಿಮೆಯಿದ್ದಾಗ ಸ್ವತಃ ಕೆರೋಟಿಡ್ ಕಾಯವೇ ಆಮ್ಲಜನಕದ ಕೊರತೆಗೆ ಮಂದವಾಗಿ ಸ್ಪಂದಿಸುತ್ತದೆ. ಆರಂಭದ ನಿಧಾನ ಏರಿಕೆಯನ್ನು ಈ ಎರಡು ಹಿಡಿತಗಳು ಬಹುತೇಕ ಅಳಿಸಿಹಾಕುತ್ತವೆ. 60ಕ್ಕಿಂತ ಕೆಳಗೆ ಸಂಕೇತ ಕಡಿದಾಗಿ ಏರತೊಡಗಿದ ಮೇಲೆಯೇ ತಳ್ಳುವ ಶಕ್ತಿ ಎಳೆಯುವ ಶಕ್ತಿಯನ್ನು ಸ್ಪಷ್ಟವಾಗಿ ಮೀರುತ್ತದೆ.

ಇದು ಬರಿಯ ವಾದವಲ್ಲ, ಪ್ರಯೋಗದಿಂದ ತೋರಿಸಬಹುದಾದದ್ದು. ಒಬ್ಬ ವ್ಯಕ್ತಿಗೆ ಆಮ್ಲಜನಕ ಕಡಿಮೆಯಿರುವ ಗಾಳಿಯನ್ನು ಕೊಡುವಾಗ, ಅವನು ಕಳೆದುಕೊಳ್ಳುವಷ್ಟೇ ಇಂಗಾಲದ ಡೈಆಕ್ಸೈಡನ್ನು ಅದೇ ಗಾಳಿಗೆ ಸೇರಿಸುತ್ತಾ ರಕ್ತದಲ್ಲಿ ಅದನ್ನು 40ರಲ್ಲೇ ಹಿಡಿದಿಟ್ಟರೆ, ಉಸಿರಾಟ 60ರವರೆಗೆ ಕಾಯುವುದಿಲ್ಲ. ಅದು ಮೊದಲೇ ಏರಲು ಆರಂಭಿಸುತ್ತದೆ ಮತ್ತು ಏರಿಕೆಯೂ ಹೆಚ್ಚು. ಹಾಗೆ ಸೇರಿಸದೆ ಬಿಟ್ಟರೆ ಮತ್ತೆ ಹಳೆಯ ಚಪ್ಪಟೆ ರೇಖೆ. ಕೊರತೆಗೆ ಪ್ರತಿಕ್ರಿಯೆ ತಡವಾಗುವುದಕ್ಕೆ ಸಂವೇದಕದ ಮಂದತನಕ್ಕಿಂತ ಈ ಎಳೆದಾಟವೇ ದೊಡ್ಡ ಕಾರಣ ಎಂಬುದು ಇದರಿಂದ ತಿಳಿಯುತ್ತದೆ.

ಇಷ್ಟು ತಡವಾಗಿ ಸ್ಪಂದಿಸುವುದು ಅಪಾಯವಲ್ಲವೇ?

ಸಾಮಾನ್ಯವಾಗಿ ಅಲ್ಲ, ಏಕೆಂದರೆ ಹಿಮೋಗ್ಲೋಬಿನ್ ಆ ಅಂತರವನ್ನು ತುಂಬುತ್ತದೆ. ಆಂಶಿಕ ಒತ್ತಡ 100 ಇದ್ದಾಗ ಹಿಮೋಗ್ಲೋಬಿನ್ನಿನ ಸ್ಯಾಚುರೇಶನ್, ಅಂದರೆ ಅದರಲ್ಲಿ ಆಮ್ಲಜನಕ ತುಂಬಿಕೊಂಡಿರುವ ಪಾಲು, ಶೇಕಡಾ 97ರಿಂದ 98. ಒತ್ತಡ 60ಕ್ಕೆ ಇಳಿದರೂ ಅದು ಸುಮಾರು ಶೇಕಡಾ 90ರಷ್ಟು ಉಳಿಯುತ್ತದೆ. ಒತ್ತಡದ 40 ಭಾಗ ಕಳೆದುಕೊಂಡರೂ ಹೊರೆಯ 8 ಭಾಗ ಮಾತ್ರ ನಷ್ಟ. 60ರಿಂದ ಕೆಳಗೆ ರೇಖೆ ಕಡಿದಾಗಿ ಇಳಿಯುತ್ತದೆ: 40ರಲ್ಲಿ ಶೇಕಡಾ 75, 27ರಲ್ಲಿ ಶೇಕಡಾ 50. ಕೆರೋಟಿಡ್ ಕಾಯದ ಸಂಕೇತ ಕಡಿದಾಗುವ ಜಾಗವೂ ಹಿಮೋಗ್ಲೋಬಿನ್ನಿನ ಸ್ಯಾಚುರೇಶನ್ ಕುಸಿಯತೊಡಗುವ ಜಾಗವೂ ಹೆಚ್ಚುಕಡಿಮೆ ಒಂದೇ. ಇಂಗಾಲದ ಡೈಆಕ್ಸೈಡನ್ನು ಸ್ಥಿರವಾಗಿಟ್ಟು ಅಳೆದಾಗ ಉಸಿರಾಟದ ಏರಿಕೆಯನ್ನು ಆಂಶಿಕ ಒತ್ತಡದ ಬದಲು ಸ್ಯಾಚುರೇಶನ್‌ಗೆ ಹೋಲಿಸಿ ಚಿತ್ರಿಸಿದರೆ ಬಾಗಿದ ರೇಖೆ ಬಹುತೇಕ ನೇರವಾಗಿಬಿಡುತ್ತದೆ. ಕೆರೋಟಿಡ್ ಕಾಯ ಹಿಮೋಗ್ಲೋಬಿನ್ನನ್ನು ನೋಡುವುದೇ ಇಲ್ಲ, ಆದರೂ ಅದರ ಉತ್ತರ ಹಿಮೋಗ್ಲೋಬಿನ್ನಿನ ನಷ್ಟಕ್ಕೆ ಇಷ್ಟು ನಿಖರವಾಗಿ ಹೊಂದುತ್ತದೆ ಎಂಬುದು ನನ್ನನ್ನು ಈಗಲೂ ಬೆರಗಾಗಿಸುತ್ತದೆ.

ಒಂದು ಉದಾಹರಣೆಯನ್ನು ಅಂಕಿಗಳೊಂದಿಗೆ ವಿವರಿಸಬಹುದೇ?

ಸಮುದ್ರ ಮಟ್ಟದಿಂದ ಒಬ್ಬರು ಒಂದೇ ದಿನದಲ್ಲಿ ವಾಹನದ ಮೂಲಕ 3,000 ಮೀಟರ್ ಎತ್ತರಕ್ಕೆ ತಲುಪಿದರು ಎಂದುಕೊಳ್ಳೋಣ. ಸಮುದ್ರ ಮಟ್ಟದಲ್ಲಿ ವಾಯುಭಾರ 760 ಮಿ.ಮೀ. ಶ್ವಾಸನಾಳದೊಳಗೆ ಹೋದ ಗಾಳಿಯಲ್ಲಿ ನೀರಾವಿ 47 ಮಿ.ಮೀ.ಯಷ್ಟು ಜಾಗ ಪಡೆಯುತ್ತದೆ. ಉಳಿದ 713ರಲ್ಲಿ ಆಮ್ಲಜನಕದ ಪಾಲು ಶೇಕಡಾ 21, ಅಂದರೆ ಸುಮಾರು 150. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಇದರಿಂದ ಇನ್ನೂ ಒಂದು ಪಾಲು ಕಳೆಯಬೇಕು. ಇಂಗಾಲದ ಡೈಆಕ್ಸೈಡಿನ ಒತ್ತಡವನ್ನು 0.8ರಿಂದ ಭಾಗಿಸಿದರೆ ಆ ಪಾಲು ಸಿಗುತ್ತದೆ. 40ನ್ನು 0.8ರಿಂದ ಭಾಗಿಸಿದರೆ 50. ಹಾಗಾಗಿ ಗಾಳಿಗೂಡುಗಳಲ್ಲಿ ಆಮ್ಲಜನಕ 100 ಮಿ.ಮೀ.

3,000 ಮೀಟರ್ ಎತ್ತರದಲ್ಲಿ ವಾಯುಭಾರ ಸುಮಾರು 525 ಮಿ.ಮೀ. ನೀರಾವಿಯನ್ನು ಕಳೆದರೆ 478, ಅದರ ಶೇಕಡಾ 21 ಎಂದರೆ ಸುಮಾರು 100. ಉಸಿರಾಟ ಸ್ವಲ್ಪವೂ ಬದಲಾಗದಿದ್ದರೆ ಅದರಿಂದ ಮತ್ತೆ 50 ಕಳೆಯಬೇಕು, ಉಳಿಯುವುದು 50. ಆ ಮಟ್ಟದಲ್ಲಿ ಸ್ಯಾಚುರೇಶನ್ ಸುಮಾರು ಶೇಕಡಾ 84. ಇದು 60ಕ್ಕಿಂತ ಕೆಳಗಿನ ಕಡಿದಾದ ಭಾಗವಾದ್ದರಿಂದ ಕೆರೋಟಿಡ್ ಕಾಯ ಜೋರಾಗಿ ಕೂಗುತ್ತದೆ, ಉಸಿರಾಟ ಏರುತ್ತದೆ. ಇಂಗಾಲದ ಡೈಆಕ್ಸೈಡ್ 40ರಿಂದ 34ಕ್ಕೆ ಇಳಿಯಿತೆಂದು ಭಾವಿಸಿದರೆ ಗಾಳಿಗೂಡುಗಳ ಗಾಳಿಯಾಟ ಹೆಚ್ಚಿದ್ದು ಶೇಕಡಾ 18ರಷ್ಟು ಮಾತ್ರ. ಈಗ ಕಳೆಯಬೇಕಾದದ್ದು 50 ಅಲ್ಲ, 42.5, ಆಮ್ಲಜನಕ ಸುಮಾರು 58ಕ್ಕೆ ಏರುತ್ತದೆ, ಸ್ಯಾಚುರೇಶನ್ ಶೇಕಡಾ 89ರ ಹತ್ತಿರ ಬರುತ್ತದೆ.

ಅಲ್ಪ ಏರಿಕೆಯಿಂದ ಇಷ್ಟು ಲಾಭವಾದರೆ ಇನ್ನೂ ಏಕೆ ಏರಬಾರದು? ಇಂಗಾಲದ ಡೈಆಕ್ಸೈಡ್ ಆಗಲೇ 6 ಮಿ.ಮೀ. ಕುಸಿದಿದೆ, ಮೆದುಳಿನ ಗ್ರಾಹಕಗಳು ಹಿಡಿತ ಬಿಗಿಗೊಳಿಸಿವೆ. ಮೊದಲ ದಿನದ ಉಸಿರಾಟ ಈ ರಾಜಿಯಲ್ಲೇ ನಿಲ್ಲುತ್ತದೆ. ಮುಂದಿನ ದಿನಗಳಲ್ಲಿ ಮೂತ್ರಪಿಂಡಗಳು ಬೈಕಾರ್ಬೊನೇಟನ್ನು ಹೊರಹಾಕಿ ಕ್ಷಾರೀಯತೆಯನ್ನು ತಗ್ಗಿಸುತ್ತವೆ, ಕೆರೋಟಿಡ್ ಕಾಯವೂ ಮತ್ತಷ್ಟು ಸೂಕ್ಷ್ಮವಾಗುತ್ತದೆ; ಎಳೆತ ಸಡಿಲವಾಗಿ ಉಸಿರಾಟ ಇನ್ನೂ ಏರುತ್ತದೆ. ಎತ್ತರದ ಕಾಯಿಲೆಯನ್ನು ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆ ಮೂತ್ರಪಿಂಡಗಳ ಇದೇ ಕೆಲಸವನ್ನು ಬೇಗನೆ ಆಗುವಂತೆ ಮಾಡುತ್ತದೆ.

ಎತ್ತರದಲ್ಲಿ ನಿದ್ರಿಸುವಾಗ ಉಸಿರು ನಿಂತು ನಿಂತು ಬರುವುದು ಇದೇ ಕಾರಣಕ್ಕೇ?

ಹೌದು. ಎಚ್ಚರವಿರುವಾಗ ಇಂಗಾಲದ ಡೈಆಕ್ಸೈಡ್ ಕಡಿಮೆಯಾದರೂ ಎಚ್ಚರದ ಸ್ಥಿತಿಯೇ ಉಸಿರಾಟವನ್ನು ಸ್ವಲ್ಪ ಮಟ್ಟಿಗೆ ನಡೆಸುತ್ತಿರುತ್ತದೆ. ನಿದ್ರೆಯಲ್ಲಿ ಆ ಆಸರೆ ಇಲ್ಲ. ಇಂಗಾಲದ ಡೈಆಕ್ಸೈಡ್ ಒಂದು ಮಿತಿಗಿಂತ ಕೆಳಗಿಳಿದರೆ ಉಸಿರಾಟ ಕೆಲವು ಸೆಕೆಂಡು ನಿಂತೇಬಿಡುತ್ತದೆ. ಅಷ್ಟರಲ್ಲಿ ಆಮ್ಲಜನಕ ಮತ್ತಷ್ಟು ಕುಸಿಯುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ, ಕೆರೋಟಿಡ್ ಕಾಯ ತೀವ್ರವಾಗಿ ತಳ್ಳುತ್ತದೆ, ಕೆಲವು ದೀರ್ಘ ಉಸಿರುಗಳು ಬರುತ್ತವೆ, ಮತ್ತೆ ಇಂಗಾಲದ ಡೈಆಕ್ಸೈಡ್ ಕೊಚ್ಚಿಹೋಗುತ್ತದೆ. ಪಕ್ಕದಲ್ಲಿ ಮಲಗಿದವರಿಗೆ ಇದು ಗಾಬರಿ ಹುಟ್ಟಿಸುತ್ತದೆ, ಆದರೆ ಆರೋಗ್ಯವಂತರಲ್ಲಿ ಎತ್ತರದ ಮೊದಲ ರಾತ್ರಿಗಳಲ್ಲಿ ಇದು ಸಾಮಾನ್ಯ.

ಕೊರತೆ ಮುಂದುವರಿದರೆ ಉಸಿರಾಟ ಏರಿದ ಮಟ್ಟದಲ್ಲೇ ಇರುತ್ತದೆಯೇ?

ಇರುವುದಿಲ್ಲ. ವಯಸ್ಕರಲ್ಲಿ ಮೊದಲ ಐದಾರು ನಿಮಿಷಗಳಲ್ಲಿ ಉಸಿರಾಟ ಶಿಖರ ಮುಟ್ಟಿ, ಮುಂದಿನ ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಗಣನೀಯವಾಗಿ ಇಳಿದು, ಮೂಲಕ್ಕಿಂತ ಸ್ವಲ್ಪ ಮೇಲೆ ನಿಲ್ಲುತ್ತದೆ. ಇನ್ನೊಂದು ಮಿತಿ ಇದಕ್ಕಿಂತ ಕಠಿಣವಾದದ್ದು: ಉಸಿರಾಟದ ಕೇಂದ್ರಗಳಿಗೆ ಆಮ್ಲಜನಕದ ಕೊರತೆ ಪ್ರಚೋದನೆಯಲ್ಲ, ದಮನ. ಕೆರೋಟಿಡ್ ಕಾಯದ ಕೂಗಿಲ್ಲದಿದ್ದರೆ ಆಮ್ಲಜನಕ ಇಳಿದಂತೆ ಉಸಿರಾಟ ಕುಗ್ಗುತ್ತದೆ.

ಈ ಪ್ರತಿಕ್ರಿಯೆ ಕೆಟ್ಟುಹೋಗಿದೆ ಎಂದು ಹೇಗೆ ತಿಳಿಯುವುದು?

ಸಹಜ ಗಾಳಿಯಲ್ಲಿ ಕುಳಿತಿರುವ ವ್ಯಕ್ತಿಯನ್ನು ನೋಡಿ ತಿಳಿಯಲಾಗದು, ಏಕೆಂದರೆ ಅವರ ಉಸಿರಾಟವನ್ನು ಇಂಗಾಲದ ಡೈಆಕ್ಸೈಡೇ ನಡೆಸುತ್ತಿರುತ್ತದೆ. ಆಮ್ಲಜನಕ ಇಳಿದಾಗ ಮಾತ್ರ ಈ ದೋಷ ಬಯಲಾಗುತ್ತದೆ. ಅರಿವಳಿಕೆಗೆ ಬಳಸುವ ಅನಿಲಗಳ ಅತ್ಯಲ್ಪ ಅಂಶ ದೇಹದಲ್ಲಿ ಉಳಿದರೂ ಕೆರೋಟಿಡ್ ಕಾಯ ಮಂಕಾಗುತ್ತದೆ, ಅಫೀಮು ವರ್ಗದ ನೋವುನಿವಾರಕಗಳೂ ಈ ಪ್ರತಿಕ್ರಿಯೆಯನ್ನು ತಗ್ಗಿಸುತ್ತವೆ. ಶಸ್ತ್ರಚಿಕಿತ್ಸೆಯ ನಂತರ ಎಚ್ಚರಗೊಂಡು ಮಾತನಾಡುತ್ತಿರುವ ರೋಗಿಯ ಬೆರಳಿನಿಂದಲೂ ಪಲ್ಸ್ ಆಕ್ಸಿಮೀಟರ್ ತೆಗೆಯದಿರುವುದು ಇದೇ ಕಾರಣಕ್ಕೆ. ಏದುಸಿರು ಇಲ್ಲ ಎಂಬುದು ಆಮ್ಲಜನಕ ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಆಕ್ಸಿಮೀಟರಿನಲ್ಲಿ 90 ಎಂದು ಕಂಡರೆ ಆಂಶಿಕ ಒತ್ತಡ ಆಗಲೇ 60ರ ಹತ್ತಿರ ಇಳಿದಿದೆ ಎಂದು ಓದಿಕೊಳ್ಳಬೇಕು.

ದೀರ್ಘಕಾಲದ ಶ್ವಾಸಕೋಶ ರೋಗಿಗಳಿಗೆ ಆಮ್ಲಜನಕ ಕೊಟ್ಟರೆ ಉಸಿರು ನಿಲ್ಲುತ್ತದೆ ಎನ್ನುವುದು ನಿಜವೇ?

ಹೇಳುವಷ್ಟು ಸರಳವಲ್ಲ. ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಹೆಚ್ಚಿದ್ದವರಲ್ಲಿ ಬೈಕಾರ್ಬೊನೇಟ್ ಏರಿ ಮೆದುಳಿನ ಗ್ರಾಹಕಗಳು ಅದಕ್ಕೆ ಒಗ್ಗಿಕೊಂಡಿರುತ್ತವೆ, ಹಾಗಾಗಿ ಕೆರೋಟಿಡ್ ಕಾಯದ ಒತ್ತಾಸೆಗೆ ಹೆಚ್ಚಿನ ತೂಕ ಬರುತ್ತದೆ. ಆದರೆ ಅವರಿಗೆ ಅತಿಯಾಗಿ ಆಮ್ಲಜನಕ ಕೊಟ್ಟಾಗ ಇಂಗಾಲದ ಡೈಆಕ್ಸೈಡ್ ಏರಲು ಉಸಿರಾಟ ಕುಗ್ಗುವುದು ಒಂದು ಕಾರಣ ಮಾತ್ರ. ಗಾಳಿ ಸರಿಯಾಗಿ ಹೋಗದ ಶ್ವಾಸಕೋಶದ ಭಾಗಗಳಿಗೆ ರಕ್ತ ಮತ್ತೆ ಹರಿಯತೊಡಗುವುದು ಹಾಗೂ ಆಮ್ಲಜನಕ ತುಂಬಿಕೊಂಡ ಹಿಮೋಗ್ಲೋಬಿನ್ ತಾನು ಹೊತ್ತಿದ್ದ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಡುವುದು ಇನ್ನೆರಡು ಮುಖ್ಯ ಕಾರಣಗಳು. ಅದಕ್ಕಾಗಿಯೇ ಅಂಥವರಲ್ಲಿ ಸ್ಯಾಚುರೇಶನ್ ಶೇಕಡಾ 88ರಿಂದ 92ರ ನಡುವೆ ಇರುವಂತೆ ಅಳತೆಯಿಂದ ಕೊಡುತ್ತಾರೆ. ಉಸಿರು ನಿಲ್ಲುವ ಭಯದಿಂದ ಆಮ್ಲಜನಕವನ್ನೇ ಕೊಡದಿರುವುದು ಇದಕ್ಕಿಂತ ದೊಡ್ಡ ತಪ್ಪು.

ಈಜುಗಾರರು ನೀರಿನಡಿ ಮುಳುಗುವ ಮೊದಲು ಜೋರಾಗಿ ಉಸಿರಾಡಬಾರದು ಎನ್ನುವುದೇಕೆ?

ಹಾಗೆ ಉಸಿರಾಡುವುದರಿಂದ ಆಮ್ಲಜನಕದ ಸಂಗ್ರಹ ಅಲ್ಪವೇ ಹೆಚ್ಚುತ್ತದೆ, ಏಕೆಂದರೆ ಹಿಮೋಗ್ಲೋಬಿನ್ ಮೊದಲೇ ಹೆಚ್ಚುಕಡಿಮೆ ತುಂಬಿದೆ. ಇಂಗಾಲದ ಡೈಆಕ್ಸೈಡ್ ಮಾತ್ರ ಬಹಳಷ್ಟು ಕೊಚ್ಚಿಹೋಗುತ್ತದೆ. ಉಸಿರು ಬಿಗಿಹಿಡಿದವರಿಗೆ ಇನ್ನು ತಾಳಲಾಗದು ಎನಿಸುವುದು ಮುಖ್ಯವಾಗಿ ಆ ಅನಿಲ ಏರಿದಾಗ. ಅದು ತೀರಾ ಕೆಳಗಿನಿಂದ ಏರಬೇಕಾದ್ದರಿಂದ ಆ ಅನುಭವ ತಡವಾಗಿ ಬರುತ್ತದೆ. ಅಷ್ಟು ಹೊತ್ತೂ ಆಮ್ಲಜನಕ ಸದ್ದಿಲ್ಲದೆ ಖಾಲಿಯಾಗುತ್ತಿರುತ್ತದೆ.

ಆಳ ಇದನ್ನು ಇನ್ನಷ್ಟು ಮರೆಮಾಚುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಎರಡು ಪಟ್ಟು, ಆದ್ದರಿಂದ ಶ್ವಾಸಕೋಶದಲ್ಲಿ ಆಮ್ಲಜನಕದ ಆಂಶಿಕ ಒತ್ತಡವೂ ಎರಡು ಪಟ್ಟಾಗಿ ಕಾಣುತ್ತದೆ. ಅಲ್ಲಿ 60 ಇದ್ದಾಗ ಕೆರೋಟಿಡ್ ಕಾಯಕ್ಕೆ ತುರ್ತು ಕಾಣುವುದಿಲ್ಲ. ಅದೇ ವ್ಯಕ್ತಿ ಮೇಲಕ್ಕೆ ಬರುವಾಗ ಒತ್ತಡ ಅರ್ಧವಾಗುತ್ತದೆ, 60 ಇದ್ದದ್ದು ಕೆಲವೇ ಸೆಕೆಂಡುಗಳಲ್ಲಿ 30ರ ಹತ್ತಿರ ಕುಸಿಯುತ್ತದೆ, ಅದು ಪ್ರಜ್ಞೆ ತಪ್ಪುವ ಮಟ್ಟ. ಕೆರೋಟಿಡ್ ಕಾಯ ಆಗ ಕೂಗುತ್ತದೆ, ಆದರೆ ಇಂಗಾಲದ ಡೈಆಕ್ಸೈಡ್ ಕಡಿಮೆಯಿರುವುದರಿಂದ ಆ ಕೂಗಿಗೆ ಬಲವಿರುವುದಿಲ್ಲ, ಮತ್ತು ಮೆದುಳಿಗೆ ಅದನ್ನು ಕೇಳಿಸಿಕೊಂಡು ಏನಾದರೂ ಮಾಡುವಷ್ಟು ಸಮಯವೂ ಉಳಿದಿರುವುದಿಲ್ಲ. ನೀರಿನ ಮೇಲ್ಮೈ ಕೈಗೆಟುಕುವಷ್ಟು ಹತ್ತಿರವಿರುವಾಗಲೇ ಇಂತಹ ಹೆಚ್ಚಿನ ಅವಘಡಗಳು ಸಂಭವಿಸುವುದು ಇದರಿಂದಲೇ.